ಮುಂದಿನ ಪುಸ್ತಕ ಎಲ್ಲಿದೆ?

ಹೊಸೂರಿನ ಕನ್ನಡ ಮನೆಯೊಂದರ ಹತ್ತು ವರ್ಷದ ಬಾಲಕಿ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, "ಅಮ್ಮಾ, ಇನ್ನೇನಿದೆ?" ಎಂದು ಕೇಳಿದಳು. ಶಾಲೆಯ ಕಪಾಟಿನಲ್ಲಿದ್ದ ಕನ್ನಡ ಪುಸ್ತಕಗಳು ಆರು ವರ್ಷದವರಿಗೆ ತಕ್ಕವು. ಈ ವಯಸ್ಸಿಗೆ ಒಂದು ಸಾಹಸಕಥೆ ಸಾಲದು. ಅದು ಮುಗಿದೊಡನೆ ಮತ್ತೊಂದು ಬೇಕು. ಕನ್ನಡದಲ್ಲಿ ದೊರೆಯದಿದ್ದರೆ ಇಂಗ್ಲಿಷಿನಲ್ಲಿ ದೊರೆಯುತ್ತದೆ, ಮಗು ಅತ್ತ ಸಾಗುತ್ತದೆ.

ಆಕೆಗೆ ನಾನು ಸೂಚಿಸುವುದು, ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವ 'ಕಾಡಿನ ಕಥೆಗಳು' ಮಾಲೆಯ ನಾಲ್ಕು ಭಾಗಗಳನ್ನು. ಆಂಡರ್ಸನ್ ಅಲೆದ ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಕಾಡು ಈ ಮಗುವಿನ ನೆರೆಯದೇ.

ಮೊದಲ ಭಾಗದಿಂದಲೇ ಆರಂಭಿಸಬೇಕಿಲ್ಲ. ನಾನಾದರೆ 'ಮುನಿಶಾಮಿ ಮತ್ತು ಮಾಗಡಿ ಚಿರತೆ'ಯನ್ನು ಮೊದಲು ಕೊಡುವೆ. ಬೆಂಗಳೂರಿನ ದೊರೆಗಳಿಗೆ ಟೋಪಿ ಹಾಕುವ ಮುನಿಶಾಮಿ ಮಕ್ಕಳನ್ನು ನಗಿಸುತ್ತಾನೆ. ನರಭಕ್ಷಕಗಳ ಕಥೆಗಳಲ್ಲಿ ಸಾವಿನ ವಿವರಗಳಿವೆ; ಅವನ್ನು ಹಿರಿಯರು ಮೊದಲು ಓದಿ, ಅನಂತರ ಹಗಲಿನಲ್ಲಿ ಜೊತೆಗೆ ಕುಳಿತು ಓದಿಸುವುದು ಲೇಸು. ಹುಲಿಯನ್ನು ಕೊಲ್ಲಬಹುದೇ ಎಂದು ಕೇಳಿದರೆ, ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಹಿಂದಿನ ದಿನಗಳೆಂದು ತಿಳಿಸಬೇಕು.

ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ ನೋಡಿ. ಐದಾರು ಪದಗಳಲ್ಲಿ ತಡವರಿಸಿದರೆ ಮೊದಲ ಕಥೆಯನ್ನು ನೀವೇ ಓದಿಹೇಳಿ. ಎರಡನೆಯದನ್ನು ಆಕೆ ತಾನೇ ಕಸಿದುಕೊಂಡಾಳು. ಮತ್ತೊಂದು ಭಾಗವನ್ನು ಮೊದಲೇ ತಂದಿಟ್ಟಿರಿ. ಬೆಂಗಳೂರು ಹತ್ತಿರವೇ ಸರಿ, ಆದರೆ ಅಲ್ಲಿಂದ ತರಿಸುವಷ್ಟರಲ್ಲಿ ವಾರ ಕಳೆದಿರುತ್ತದೆ.