ಬೀಗ ಊರಿಗೆಲ್ಲ, ಕೀಲಿಕೈ ಒಬ್ಬರಿಗೆ

ಬೆಳ್ತಂಗಡಿಯಿಂದ ಮೂಡಬಿದಿರೆಗೆ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಕಳಿಸಬೇಕು ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಯಾರೂ ತೆರೆಯಬಾರದು. ಕೀಲಿಕೈ ತಿರುಗಿಸಿ ಹಾಕುವ ಬೀಗ ಹಾಕಿದಿರಿ. ಆ ಕಡೆಯವರು ತೆಗೆಯೋದು ಹೇಗೆ? ಅವರ ಹತ್ತಿರವೂ ಅದೇ ಕೀಲಿಕೈ ಇರಬೇಕು. ಹಾಕಲೂ ತೆಗೆಯಲೂ ಒಂದೇ ಕೀಲಿಕೈ ಇದ್ದರೆ ಅದು ಸಿಮೆಟ್ರಿಕ್ ಎನ್‌ಕ್ರಿಪ್ಷನ್. ಕೆಲಸ ಬೇಗ ಆಗುತ್ತದೆ. ಆದರೆ ಕೀಲಿಕೈಯನ್ನೂ ಅದೇ ಬಸ್ಸಿನಲ್ಲಿ ಕಳಿಸಿದರೆ ಬೀಗ ಹಾಕಿ ಏನು ಪ್ರಯೋಜನ?

ಈಗ ಮೂಡಬಿದಿರೆಯವರೇ ತೆರೆದಿರುವ ಒಂದು ಬೀಗವನ್ನು ಮೊದಲೇ ನಿಮಗೆ ಕಳಿಸಿದರು ಅನ್ನಿ. ಅದನ್ನು ಹಾಕಲು ಕೀಲಿಕೈ ಬೇಡ, ಒತ್ತಿದರೆ ಸಾಕು. ಒತ್ತಿದ ಮೇಲೆ ನೀವೂ ತೆಗೆಯಲಾರಿರಿ. ಇದು ಅಸಿಮೆಟ್ರಿಕ್. ತೆರೆದ ಬೀಗ ಪಬ್ಲಿಕ್ ಕೀ, ಮೂಡಬಿದಿರೆಯಲ್ಲೇ ಉಳಿದ ಕೀಲಿಕೈ ಪ್ರೈವೇಟ್ ಕೀ. ಬೀಗ ಯಾರ ಕೈಗೆ ಸಿಕ್ಕರೂ ಚಿಂತೆಯಿಲ್ಲ.

ಬಂಟ್ವಾಳದ ಯಾವುದೇ ರೇಷನ್ ಅಂಗಡಿಯಲ್ಲಿ ಅಮ್ಮ ಆಧಾರ್‌ಗೆ ಥಂಬ್ ಕೊಟ್ಟಾಗ ಈ ಎರಡೂ ಬೀಗ ಒಟ್ಟಿಗೆ ಬೀಳುತ್ತವೆ. ಯಂತ್ರದ ತಂತ್ರಾಂಶ ಆ ಒಂದು ಸಲಕ್ಕೆಂದೇ 256 ಬಿಟ್‌ನ, ಅಂದರೆ 32 ಬೈಟ್‌ನ, ಹೊಸ ಕೀಲಿಕೈ ಹುಟ್ಟಿಸುತ್ತದೆ. ಬೆರಳಿನ ಮಾಹಿತಿಗೆ ಅದರಿಂದ ಎಇಎಸ್ ಬೀಗ ಹಾಕುತ್ತದೆ, ಇದು ಸಿಮೆಟ್ರಿಕ್. ನಂತರ ಆ ಕೀಲಿಕೈಯನ್ನೇ ಆಧಾರ್ ಪ್ರಾಧಿಕಾರದ 2048 ಬಿಟ್‌ನ ಪಬ್ಲಿಕ್ ಕೀಯಿಂದ ಮುಚ್ಚುತ್ತದೆ. ಹೋಗುವ ಸಂದೇಶದಲ್ಲಿ ಮುಚ್ಚಿದ ಕೀಲಿಕೈ `Skey` ಎಂಬ ಜಾಗದಲ್ಲಿ, ಬೆರಳಿನ ಮಾಹಿತಿ `Data` ಎಂಬ ಜಾಗದಲ್ಲಿ ಇರುತ್ತದೆ. ಎರಡೂ ಒಂದೇ ಬಸ್ಸಿನಲ್ಲಿ ಹೋದರೂ ನಡುವಿನವರಿಗೆ ಏನೂ ಸಿಗದು.

ಎಲ್ಲವನ್ನೂ ಪಬ್ಲಿಕ್ ಕೀಯಿಂದಲೇ ಯಾಕೆ ಮುಚ್ಚಬಾರದು? ಆ ಪೆಟ್ಟಿಗೆ ಚಿಕ್ಕದು. 2048 ಬಿಟ್‌ನ ಆರ್‌ಎಸ್‌ಎ ಒಂದು ಸಲಕ್ಕೆ 256 ಬೈಟ್‌ಗಿಂತ ಹೆಚ್ಚು ಹಿಡಿಯುವುದಿಲ್ಲ, ತೆರೆಯುವುದೂ ನಿಧಾನ. 32 ಬೈಟ್‌ನ ಕೀಲಿಕೈಗೆ ಅದು ಧಾರಾಳ ಸಾಕು, ಬೆರಳಚ್ಚಿನ ಪೂರ್ತಿ ಮಾಹಿತಿಗೆ ಸಾಲದು.

ಕೆಟ್ಟದ್ದು ಎಲ್ಲಿ ಅಂತ ದೋಷಸಂಖ್ಯೆಯೇ ಹೇಳುತ್ತದೆ. 500 ಬಂದರೆ `Skey` ತೆರೆಯಲಿಲ್ಲ. ತಪ್ಪು ಬೀಗ ಬಳಸಿರಬಹುದು. 502 ಬಂದರೆ ಒಳಗಿನ ಮಾಹಿತಿಯ ಬೀಗದಲ್ಲೇ ತೊಂದರೆ.

ಈ ವ್ಯವಸ್ಥೆಗೂ ಎರಡು ಮಿತಿ ಇವೆ. ಯಾರೋ ತಮ್ಮದೇ ಬೀಗ ಕೊಟ್ಟು "ಇದು ಮೂಡಬಿದಿರೆಯವರದ್ದು" ಅಂದರೆ ನೀವು ಕಳ್ಳನಿಗೇ ಪೆಟ್ಟಿಗೆ ಕಳಿಸಿದಂತೆ. ಅದಕ್ಕೇ ಪಬ್ಲಿಕ್ ಕೀ ಸಹಿ ಮಾಡಿದ ಸರ್ಟಿಫಿಕೇಟ್ ಒಳಗೆ ಬರುತ್ತದೆ. ಎರಡನೆಯದು, ಬೀಗ ಕಾಯೋದು ದಾರಿಯನ್ನು ಮಾತ್ರ. ನಿಮ್ಮ ಬೆರಳಚ್ಚಿನ ರಬ್ಬರ್ ನಕಲನ್ನು ಯಾರಾದರೂ ಯಂತ್ರಕ್ಕೆ ಒತ್ತಿದರೆ ಅದಕ್ಕೂ ಅಷ್ಟೇ ಭದ್ರವಾದ ಬೀಗ ಬೀಳುತ್ತದೆ. ಆದ್ದರಿಂದ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟು, ರೇಷನ್‌ಗೆ ಹೋಗುವಾಗ ಮಾತ್ರ ತೆರೆಯಿರಿ.