‘ಧೈರ್ಯವಾಗಿ ಮಾತಾಡು’ ಎಂಬ ಉಪದೇಶ ಸಾಕು

ನಮ್ಮ ಹೆಣ್ಣುಮಕ್ಕಳಿಗೆ ಉಪದೇಶ ಮಾಡುವುದಕ್ಕೆ ಯಾರೂ ಸಂಬಳ ಕೇಳುವುದಿಲ್ಲ. ಫೋನಿನಲ್ಲಿ ಮಾಲು ಮಾರುವ ಕೆಲಸಕ್ಕೆ ಹುಡುಗಿಯೊಬ್ಬಳು ಸೇರಿದರೆ ಸಾಕು, ಮೊದಲ ದಿನವೇ ಶುರುವಾಗುತ್ತದೆ: ಧೈರ್ಯವಾಗಿ ಮಾತಾಡು, ನಗುನಗುತ್ತ ಮಾತಾಡು, ಆತ್ಮವಿಶ್ವಾಸ ಇರಲಿ. ಆಕೆ ತಲೆಯಾಡಿಸುತ್ತಾಳೆ. ಮರುದಿನ ಮತ್ತೆ ಹಳೆಯ ಮಾತನ್ನೇ ಹಳೆಯ ದನಿಯಲ್ಲೇ ಆಡುತ್ತಾಳೆ. ಆಗ ‘ಈಕೆಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ’ ಎಂಬ ತೀರ್ಪು ಬರುತ್ತದೆ. ಹೇಳಿದ್ದರಲ್ಲಿ ತಲೆಗೆ ಹೋಗುವಂಥದು ಏನಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕಿನ್ನಾಳದ ಗೊಂಬೆಗಳಿಗೆ ಊರೂರಿನ ಅಂಗಡಿಗಳಿಂದ ಆರ್ಡರ್ ಹಿಡಿಯುವುದು ನನ್ನ ಕೆಲಸ. ಹೊಸದಾಗಿ ಬಂದ ಹುಡುಗಿಯರನ್ನು ತಯಾರು ಮಾಡುವುದೂ ನನ್ನ ಪಾಲಿಗೆ ಬಂದಿದೆ. ಅದಕ್ಕೇ ಈ ಉಪದೇಶಗಳ ಮೇಲೆ ನನಗೆ ಇಷ್ಟು ಸಿಟ್ಟು. ಹಗುರ ಮರವನ್ನು ಕೆತ್ತಿ, ಚಿಂದಿ ಗೋಣಿಯನ್ನು ನೆನೆಹಾಕಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೆತ್ತಿ, ಬಣ್ಣ ತುಂಬಿ ಒಂದು ಗರುಡನನ್ನು ನಿಲ್ಲಿಸಲು ಚಿತ್ರಗಾರರ ಮನೆಯಲ್ಲಿ ಎಷ್ಟೋ ದಿನ ಹಿಡಿಯುತ್ತದೆ. ಆ ದಿನಗಳ ಬೆಲೆಯನ್ನು ಫೋನಿನಲ್ಲಿ ಒಂದೇ ವಾಕ್ಯ ಕಳೆದುಹಾಕಬಲ್ಲದು. ಆ ವಾಕ್ಯ ಯಾವುದೆಂದು ತೋರಿಸದೆ ‘ಧೈರ್ಯವಾಗಿರು’ ಎಂದರೆ ಪ್ರಯೋಜನವೇನು?

ಒಂದು ಕರೆಯನ್ನೇ ನೋಡಿ. ಹುಬ್ಬಳ್ಳಿಯ ಅಂಗಡಿಯಾಕೆ ಒಬ್ಬರೊಂದಿಗೆ ನಮ್ಮ ಹುಡುಗಿ ಹನ್ನೊಂದು ನಿಮಿಷ ಮಾತಾಡಿದಳು. ಮಾತು ರೆಕಾರ್ಡ್ ಆಗುತ್ತದೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದೆವು. ಇದನ್ನು ಬಿಡಬಾರದು. ಕದ್ದು ಕೇಳಿದ ಮಾತಿನಿಂದ ಯಾರಿಗೂ ಪಾಠ ಹೇಳುವ ಅಧಿಕಾರ ನಮಗಿಲ್ಲ. ಮೊದಲು ಆ ಹುಡುಗಿ ಒಬ್ಬಳೇ ಕೂತು ಪೂರ್ತಿ ಕೇಳಿಕೊಂಡಳು. ನಾನು ಬೇರೆಯಾಗಿ ಕೇಳಿ, ಗಡಿಯಾರದ ಹೊತ್ತು ಬರೆದುಕೊಂಡು ಮೂರೇ ಕಡೆ ಗುರುತು ಹಾಕಿದೆ. ಹತ್ತು ತಪ್ಪು ಕಂಡರೂ ಹತ್ತನ್ನೂ ಹೇಳಬಾರದು. ಹತ್ತು ಕೇಳಿದವಳ ಕೈಯಲ್ಲಿ ಕೊನೆಗೆ ಒಂದೂ ಉಳಿಯುವುದಿಲ್ಲ.

ಮೊದಲನೆಯ ಗುರುತು, ಒಂದೂವರೆ ನಿಮಿಷದ ಹತ್ತಿರ, ಚೆನ್ನಾಗಿ ಆದ ಜಾಗ. ‘ಯಾವ ಹಬ್ಬಕ್ಕ ಬೇಕಾಗಿತ್ರಿ ಅಕ್ಕಾರ?’ ಎಂದು ಕೇಳಿ ಹುಡುಗಿ ಸುಮ್ಮನಾದಳು. ಆಕೆ ನವರಾತ್ರಿಯ ಗೊಂಬೆ ಕೂರಿಸುವ ಗಿರಾಕಿಗಳ ವಿಷಯವನ್ನು ಒಂದು ನಿಮಿಷ ಬಿಡದೆ ಹೇಳಿದರು. ಬರೀ ‘ಚೆನ್ನಾಗಿ ಮಾತಾಡಿದಿ’ ಎಂದರೆ ಇದು ಗೊತ್ತಾಗುತ್ತಿರಲಿಲ್ಲ. ಆಕೆ ಗೆದ್ದದ್ದು ಮಾತಾಡಿ ಅಲ್ಲ, ಸುಮ್ಮನಿದ್ದು.

ಎರಡನೆಯದು ನಾಲ್ಕನೆಯ ನಿಮಿಷ. ‘ಗರುಡ ಎಷ್ಟು ಬೀಳ್ತೈತ್ರಿ?’ ಎಂಬ ಪ್ರಶ್ನೆ. ‘ಸಾವಿರದ ಎಂಟುನೂರು ರೀ... ಜಾಸ್ತಿ ಅನ್ನಿಸಬಹುದು, ಸಾವಿರದ ಆರುನೂರಕ್ಕ ಮಾಡೋಣ ತಗೋರಿ’ ಎಂಬ ಉತ್ತರ. ಆ ಅರ್ಧ ನಿಮಿಷವನ್ನು ಎರಡು ಸಲ ಹಾಕಿದೆ. ನನ್ನ ಅಭಿಪ್ರಾಯ ಹೇಳದೆ ಕೇಳಿದೆ: ‘ಅವರು ಏನು ಕೇಳಿದರು? ನೀನು ಏನಕ್ಕೆ ಉತ್ತರ ಕೊಟ್ಟೆ?’ ಹುಡುಗಿ ಸ್ವಲ್ಪ ಹೊತ್ತು ಬಿಟ್ಟು, ‘ಅಕ್ಕ, ಅವರು ಕಡಿಮಿ ಮಾಡ್ರಿ ಅಂತ ಕೇಳೇ ಇಲ್ಲಲ್ಲ’ ಎಂದಳು. ಹನ್ನೆರಡು ಗರುಡನ ಮಾತು ನಡೆದಿತ್ತು. ತಲಾ ಇನ್ನೂರು ಎಂದರೆ ಎರಡು ಸಾವಿರದ ನಾನೂರು ರೂಪಾಯಿ, ಯಾರೂ ಕೇಳದೆ ಬಿಟ್ಟದ್ದು. ಅದು ಕೆತ್ತುವವರ ಮನೆಯ ದುಡ್ಡು. ಇದಕ್ಕೆ ಔಷಧ ಧೈರ್ಯವಲ್ಲ, ಬೆಲೆ ಹೇಳಿ ಬಾಯಿ ಮುಚ್ಚುವುದು. ‘ಸಾವಿರದ ಎಂಟುನೂರು ರೀ’ ಎಂದು ಹೇಳಿ ಮನಸ್ಸಿನಲ್ಲಿ ಐದರವರೆಗೆ ಎಣಿಸುವುದನ್ನು ಅಲ್ಲೇ ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ಮೂರು ಎಣಿಸುವುದರೊಳಗೆ ಆಕೆ ಬಾಯಿ ತೆರೆದಳು. ನಾಲ್ಕನೆಯ ಸಲ ನಿಂತಳು.

ಮೂರನೆಯದು ಕೊನೆಯಲ್ಲಿ. ‘ನೋಡೋಣ, ಆಮ್ಯಾಲ ಹೇಳ್ತೀನಿ’ ಎಂದರು ಅಂಗಡಿಯಾಕೆ. ‘ಆಗಲಿ ಅಕ್ಕಾರ’ ಎಂದು ಇವಳು ಫೋನ್ ಇಟ್ಟಳು. ಇಲ್ಲಿ ನಾನು ಮೊದಲ ಗುರುತಿನ ಜಾಗವನ್ನು ಮತ್ತೆ ಹಾಕಿದೆ. ನವರಾತ್ರಿ ಎಂಬ ಮಾತು ಆಕೆಯ ಬಾಯಿಂದಲೇ ಬಂದಿತ್ತಲ್ಲ! ‘ನವರಾತ್ರಿಗೆ ಅಂದ್ರಿ. ಬಣ್ಣ ಒಣಗಿ ನಿಮ್ಮ ಕೈಗೆ ಬರಾಕ ದಿನ ಬೇಕಾಗ್ತಾವ್ರಿ. ಸೋಮವಾರ ಮುಂಜಾನಿ ಫೋನ್ ಮಾಡ್ಲ್ಯಾ?’ ಎಂಬ ವಾಕ್ಯ ಹುಡುಗಿಯೇ ಕಟ್ಟಿದಳು, ನಾನಲ್ಲ. ನಾನು ಕಟ್ಟಿಕೊಟ್ಟಿದ್ದರೆ ಅದು ಗಿಳಿಪಾಠವಾಗುತ್ತಿತ್ತು. ತಾನೇ ಕಟ್ಟಿದ ವಾಕ್ಯ ನಾಲಿಗೆಯ ಮೇಲೆ ನಿಲ್ಲುತ್ತದೆ.

ಅಷ್ಟಕ್ಕೇ ನಿಲ್ಲಿಸಿದೆ. ಮುಂದಿನ ವಾರ ಆಕೆಗೆ ಇದ್ದದ್ದು ಒಂದೇ ಕೆಲಸ: ಬೆಲೆ ಹೇಳಿ ಸುಮ್ಮನಾಗುವುದು. ಮುಂದಿನ ಮೂರು ಕರೆಗಳಲ್ಲಿ ನಾನು ಹುಡುಕಿ ಕೇಳಿದ್ದೂ ಆ ಒಂದು ಜಾಗವನ್ನೇ. ಎರಡರಲ್ಲಿ ನಿಂತಳು, ಒಂದರಲ್ಲಿ ಜಾರಿದಳು. ತಿದ್ದಿಕೊಂಡಳೋ ಇಲ್ಲವೋ ಎಂಬುದಕ್ಕೆ ಇದೇ ಅಳತೆ. ‘ಈಗ ಧೈರ್ಯ ಬಂದಿದೆ’ ಎಂಬುದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಕೆಲವರು ನನಗೆ ಹೇಳುತ್ತಾರೆ: ಹುಡುಗಿಯ ಮಾತನ್ನು ಹೀಗೆ ಹಿಂಜಿ ನೋಡುವುದು ಕ್ರೌರ್ಯ, ಮೆಲ್ಲಗೆ ಬುದ್ಧಿ ಹೇಳಿದರೆ ಸಾಲದೇ ಎಂದು. ನನಗೆ ಅದು ತಲೆಕೆಳಗಾದ ಕರುಣೆಯಾಗಿ ಕಾಣುತ್ತದೆ. ‘ನಿನಗೆ ಆತ್ಮವಿಶ್ವಾಸ ಇಲ್ಲ’ ಎಂಬುದು ಅವಳ ಮೇಲಿನ ತೀರ್ಪು, ಅದನ್ನು ಹೊತ್ತು ಅವಳು ಮನೆಗೆ ಹೋಗುತ್ತಾಳೆ. ‘ನಾಲ್ಕನೆಯ ನಿಮಿಷದಲ್ಲಿ ಈ ವಾಕ್ಯ ಬೇಡವಿತ್ತು’ ಎಂಬುದು ಒಂದು ವಾಕ್ಯದ ಮೇಲಿನ ಮಾತು, ಅದನ್ನು ಅಲ್ಲೇ ಬಿಟ್ಟು ಬೇರೆ ವಾಕ್ಯ ಎತ್ತಿಕೊಳ್ಳಬಹುದು.

ಕ್ರೌರ್ಯ ಬೇರೆ ಕಡೆ ಇದೆ. ರೆಕಾರ್ಡನ್ನು ಎಲ್ಲರೆದುರು ಹಾಕಿ ನಗುವವರಿದ್ದಾರೆ, ಬಡ್ತಿ ತಡೆಯಲು ಸಾಕ್ಷಿಯಾಗಿ ಎತ್ತಿಡುವವರಿದ್ದಾರೆ. ಪಾಠ ಮುಗಿದ ಮೇಲೆ ಅದನ್ನು ಅಳಿಸಿಬಿಡಬೇಕು, ಪಾಠವೂ ಇಬ್ಬರ ನಡುವೆಯೇ ಇರಬೇಕು. ರೆಕಾರ್ಡಿಗೂ ಮಿತಿಯಿದೆ. ಒಂದು ಕರೆಯಲ್ಲಿ ಕಂಡದ್ದು ಅಭ್ಯಾಸವೋ ಆ ದಿನದ ತಲೆನೋವೋ ಗೊತ್ತಾಗುವುದಿಲ್ಲ, ಅದಕ್ಕೇ ಮೂರು ಕರೆ ಕೇಳದೆ ಅಭ್ಯಾಸ ಎನ್ನಬಾರದು. ಗಿರಾಕಿಯ ಮುಖ ಅದರಲ್ಲಿ ಕಾಣುವುದಿಲ್ಲ. ಆರ್ಡರ್ ತಪ್ಪಿದ್ದು ಹುಡುಗಿಯ ಮಾತಿನಿಂದಲೇ ಎಂದೂ ಹೇಳಲಾಗದು, ಅಂಗಡಿಯಾಕೆಯ ಕೈಯಲ್ಲಿ ದುಡ್ಡೇ ಇಲ್ಲದಿರಬಹುದು. ಆದ್ದರಿಂದ ಆರ್ಡರ್ ಸಿಕ್ಕಿತೇ ಎಂದು ನೋಡಿ ಮಾತನ್ನು ಅಳೆಯಬೇಡಿ. ಗಿರಾಕಿ ಕೇಳಿದ್ದಕ್ಕೆ ಉತ್ತರ ಬಂತೇ ಎಂದು ನೋಡಿ.

ಸೊಸೆಗೆ ‘ಅಡಿಗೆ ಚೆನ್ನಾಗಿ ಮಾಡಮ್ಮ’ ಎಂದ ಅತ್ತೆಯಿಂದ ಯಾರೂ ಅಡಿಗೆ ಕಲಿತಿಲ್ಲ. ‘ಒಗ್ಗರಣಿ ಹೊತ್ತಿತು, ಸಾಸಿವೆ ಸಿಡಿದ ಕೂಡಲೆ ಒಲಿ ಸಣ್ಣ ಮಾಡು’ ಎಂದವರಿಂದ ಕಲಿತಿದ್ದೇವೆ. ಅಡಿಗೆಮನೆಯಲ್ಲಿ ನಮಗೆಲ್ಲ ಗೊತ್ತಿರುವ ಈ ಸಂಗತಿ ಕಚೇರಿಯ ಕುರ್ಚಿಯ ಮೇಲೆ ಕೂತ ಕೂಡಲೆ ಮರೆತುಹೋಗುವುದೇಕೆ? ಕೆಲಸಕ್ಕೆ ಹೊರಟ ನಮ್ಮ ಹುಡುಗಿಯರಿಗೆ ಬೇಕಾಗಿರುವುದು ಹರಕೆಯಲ್ಲ. ಯಾವ ನಿಮಿಷ, ಯಾವ ಮಾತು, ಅದರ ಬದಲು ಯಾವುದು ಎಂದು ಪಕ್ಕದಲ್ಲಿ ಕೂತು ತೋರಿಸುವವರು. ಅಷ್ಟು ಪುರಸೊತ್ತಿಲ್ಲದವರು ಉಪದೇಶವನ್ನಾದರೂ ನಿಲ್ಲಿಸಲಿ.