ತೋಟದ ಮನೆಯ ಚಿತ್ರವೂ ನಮ್ಮ ರಸಪುರಿ ಮರವೂ

ಶ್ರೀನಿವಾಸಪುರದ ಕಡೆಯವನಾದ ನನಗೆ ಮಾವಿನ ಮರದ ವಿಷಯದಲ್ಲಿ ಸ್ವಲ್ಪ ಪಕ್ಷಪಾತವುಂಟು. ವಾಚಕರು ಇದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ಕೋರುತ್ತೇನೆ. ನಮ್ಮ ಹೊಲದ ಬದಿಯಲ್ಲಿ ಒಂದು ಹಳೆಯ ರಸಪುರಿ ಮರವಿದೆ. ಅದರ ಫಸಲನ್ನು ಗುತ್ತಿಗೆಗೆ ಕೊಟ್ಟು ಬಂದ ಹಣದಿಂದಲೇ ಮೂರು ವರ್ಷವೂ ನನ್ನ ಕಾಲೇಜಿನ ಶುಲ್ಕ ಸಂದಿದೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನು ನಾನೇ ಮೊದಲಿಗನಾದ್ದರಿಂದ, ಆ ಮರದ ಋಣ ದೊಡ್ಡದು.

ಕಳೆದ ಬೇಸಿಗೆಯಲ್ಲಿ ನಮ್ಮ ತಂದೆಯವರು ಊರೊಳಗಿನ ಇಕ್ಕಟ್ಟಿನ ಮನೆಯನ್ನು ಬಿಟ್ಟು, ಆ ಮರವಿರುವ ಹತ್ತು ಗುಂಟೆಯ ಮೂಲೆಯಲ್ಲಿ ಒಂದು ಹೆಂಚಿನ ಮನೆಯನ್ನೂ ಕೊಟ್ಟಿಗೆಯನ್ನೂ ಕಟ್ಟಿಕೊಳ್ಳಬೇಕೆಂದು ಮನಸ್ಸು ಮಾಡಿದರು. ಪೇಟೆಯ ಒಬ್ಬ ನಕ್ಷೆಗಾರರು ಗಣಕಯಂತ್ರದಲ್ಲಿ ಅದರ ಚಿತ್ರವನ್ನು ಮಾಡಿಕೊಟ್ಟರು. ಕಸುಬಿನವರು ಇದಕ್ಕೆ ‘ರೆಂಡರ್’ ಎನ್ನುತ್ತಾರೆ. ನಮ್ಮೂರಿನಲ್ಲಿ ‘ತ್ರೀಡಿ’ ಎಂದರೆ ಸಾಕು. ಕೆಂಪು ಹೆಂಚು, ಹಸಿರು ನೆಲ, ಬಾವಿ, ಹಸುಗಳು, ಹನ್ನೆರಡು ಮಾವಿನ ಮರಗಳು, ಮೇಲೆ ಹತ್ತಿಯಂತಹ ಮೋಡ. ನಮ್ಮ ತಾಯಿಯವರು ಅದನ್ನು ದೇವರ ಪಟದ ಪಕ್ಕದಲ್ಲಿಟ್ಟರು. ನಾನೂ ಮರುಳಾದೆ. ಅಕ್ಷರ ಬಾರದ ನಮ್ಮ ತಂದೆಯವರು ಮಾತ್ರ ಬಹಳ ಹೊತ್ತು ನೋಡಿ, “ಇದೇನಪ್ಪಾ, ಹಸುವೋ ಕುರಿಯೋ? ಈ ಬಾವಿ ತುಳಸಿಕಟ್ಟೆ ಇದ್ದಂಗೈತಲ್ಲ!” ಎಂದರು.

ಆ ಮಾತನ್ನು ಆಗ ನಾನು ನಗೆಯಲ್ಲಿ ತೇಲಿಸಿದೆ. ಬೆಂಗಳೂರಿನಲ್ಲಿ ಇದೇ ಕಸುಬು ಮಾಡುವ ನಮ್ಮ ಚಿಕ್ಕಪ್ಪನ ಮಗ ಹಬ್ಬಕ್ಕೆ ಬಂದಾಗ ಚಿತ್ರವನ್ನು ನೋಡಿ ನಗಲಿಲ್ಲ. “ದೊಡ್ಡಪ್ಪ ಹೇಳಿದ್ದು ಸರಿ ಕಣೋ. ಒಂದು ಅಡಿಪಟ್ಟಿ ತಗೊಂಡು ಬಾ” ಎಂದ. ಅಂದು ಅಣ್ಣ ತೋರಿಸಿಕೊಟ್ಟ ಪರೀಕ್ಷೆ ಇಷ್ಟು ಸುಲಭವಾದದ್ದೆಂದು ನನಗೆ ಗೊತ್ತಿರಲಿಲ್ಲ.

ಸಮತಟ್ಟಾದ ಹೊಲದಲ್ಲಿ ನಿಂತವನ ಕಣ್ಣು ನೆಲದಿಂದ ಐದು ಅಡಿ ಎತ್ತರದಲ್ಲಿದ್ದರೆ, ದೂರದಲ್ಲಿ ಭೂಮಿ ಆಕಾಶಗಳು ಕೂಡುವ ಗೆರೆಯೂ ಪ್ರತಿಯೊಂದು ವಸ್ತುವನ್ನು ಐದು ಅಡಿಯ ಎತ್ತರದಲ್ಲಿಯೇ ಹಾಯ್ದುಹೋಗುತ್ತದೆ. ವಸ್ತು ಹತ್ತಿರವಿರಲಿ, ದೂರವಿರಲಿ, ಈ ನಿಯಮ ತಪ್ಪದು. ಏಳು ಅಡಿಯ ಬಾಗಿಲಾದರೆ ಐದು ಪಾಲು ಗೆರೆಯ ಕೆಳಗೆ, ಎರಡು ಪಾಲು ಮೇಲೆ ಇರಬೇಕು. ನಾಲ್ಕು ಅಡಿಗಿಂತ ತುಸು ಎತ್ತರದ ಸೀಮೆಹಸುವಿನ ಬೆನ್ನು ಗೆರೆಗೆ ಸ್ವಲ್ಪ ಕೆಳಗೆ ನಿಲ್ಲಬೇಕು. ನಮ್ಮ ಚಿತ್ರದಲ್ಲಿ ಬಾಗಿಲು ಸರಿಯಾಗಿಯೇ ಇತ್ತು. ಹಸುವಿನ ಬೆನ್ನು ಮಾತ್ರ ನೆಲಕ್ಕೂ ಗೆರೆಗೂ ನಡುಮಧ್ಯದಲ್ಲಿತ್ತು. ಅಂದರೆ ಎರಡೂವರೆ ಅಡಿ. ನಮ್ಮ ತಂದೆಯವರ ಕಣ್ಣು ಕುರಿಯೆಂದದ್ದು ಸುಳ್ಳಾಗಿರಲಿಲ್ಲ. ಹನ್ನೆರಡು ಅಡಿ ಅಗಲದ ಕೊಟ್ಟಿಗೆಯಲ್ಲಿ ಐದು ಹಸುಗಳನ್ನು ನಿಲ್ಲಿಸಿದ್ದರ ಗುಟ್ಟೂ ಇದೇ. ಒಂದು ಹಸುವಿಗೆ ಗೋದಲಿಯ ಮುಂದೆ ನಾಲ್ಕು ಅಡಿ ಅಗಲ ಬೇಕಾದಲ್ಲಿ ಅಲ್ಲಿ ಹಿಡಿಯುವುದು ಮೂರೇ.

ಹೆಂಚಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಮಂಗಳೂರು ಹೆಂಚು ಸುಮಾರು ಹದಿನಾರು ಅಂಗುಲ ಉದ್ದವಿದ್ದರೂ, ಒಂದರ ಮೇಲೊಂದು ಕೂತಾಗ ಕಣ್ಣಿಗೆ ಕಾಣುವುದು ಒಂದು ಅಡಿಗಿಂತ ಕೊಂಚ ಹೆಚ್ಚು ಮಾತ್ರ. ರೀಪರಿನ ಪಟ್ಟಿಗಳನ್ನು ಹೊಡೆಯುವುದೂ ಅದೇ ಅಂತರಕ್ಕೆ. ಆದ್ದರಿಂದ ನೆತ್ತಿಯಿಂದ ಸೂರಿನವರೆಗೆ ಹದಿನೆಂಟು ಅಡಿಯ ಇಳಿಜಾರಿನಲ್ಲಿ ಹದಿನೇಳು ಸಾಲು ಇರತಕ್ಕದ್ದು. ಚಿತ್ರದಲ್ಲಿ ಎಣಿಸಿದೆವು: ನಲವತ್ತು! ಗಣಕಯಂತ್ರದಲ್ಲಿ ಹೆಂಚನ್ನು ಒಂದೊಂದಾಗಿ ಹೊದಿಸುವುದಿಲ್ಲವಂತೆ. ಹೆಂಚಿನ ಒಂದು ಛಾಯಾಚಿತ್ರವನ್ನು ಬಟ್ಟೆಯಂತೆ ಮತ್ತೆ ಮತ್ತೆ ಹಾಸುತ್ತಾರೆ. ಆ ತುಂಡಿನಲ್ಲಿ ಹತ್ತು ಸಾಲಿದ್ದರೆ ಅದರ ಉದ್ದ ಹತ್ತೂವರೆ ಅಡಿಯೆಂದು ತಿಳಿಸಬೇಕು. ತಿಳಿಸದೆ ಬಿಟ್ಟರೆ ಅದು ತನಗೆ ತೋಚಿದಷ್ಟು ಹಾಸಿಕೊಳ್ಳುತ್ತದೆ. ಹೆಂಚು ಕಿರಿದಾದಷ್ಟೂ ಮನೆ ಹಿರಿದಾಗಿ ಕಾಣುವುದರಿಂದ, ಈ ತಪ್ಪನ್ನು ತಿದ್ದುವ ಆತುರ ಯಾರಿಗೂ ಇರುವುದಿಲ್ಲ.

ಬಾವಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ನಮ್ಮ ಹೊಲದಲ್ಲಿರುವುದು ಇಪ್ಪತ್ತು ಅಡಿ ಅಗಲದ, ಮೆಟ್ಟಿಲಿನ ಹಳೆಯ ಬಾವಿ. ಬೇಸಿಗೆಯಲ್ಲಿ ಅದರಲ್ಲಿ ನೀರಿಲ್ಲ, ನೀರು ಬರುವುದು ಕೊಳವೆಬಾವಿಯಿಂದ. ಚಿತ್ರದಲ್ಲಿದ್ದುದು ಪುಟ್ಟ ಮಾಡು ಹೊತ್ತ, ಯೂರೋಪಿನ ಮಕ್ಕಳ ಕಥೆಗಳಲ್ಲಿ ಬರುವಂತಹ ಬಾವಿ. ಸಿದ್ಧವಸ್ತುಗಳ ಭಂಡಾರದಲ್ಲಿ ‘ಬಾವಿ’ ಎಂದು ಹುಡುಕಿದರೆ ಅಂತಹದೇ ಸಿಗುತ್ತದೆಂದು ಅಣ್ಣ ಹೇಳಿದ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಚಿತ್ರದಲ್ಲಿ ನಮ್ಮ ರಸಪುರಿ ಮರ ಗೋಡೆಯ ಮಗ್ಗುಲಲ್ಲಿ, ಕೊಡೆ ಹಿಡಿದ ಸೇವಕನಂತೆ ವಿನಯದಿಂದ ನಿಂತಿತ್ತು. ಬುಡದಿಂದ ಗೋಡೆಗೆ ಎಂಟೇ ಅಡಿ. ನಾವು ಹೊಲಕ್ಕೆ ಹೋಗಿ, ಕೊಂಬೆಗಳ ತುದಿಯ ನೇರಕ್ಕೆ ನೆಲದಲ್ಲಿ ಗೂಟ ನೆಟ್ಟು ಅಳೆದೆವು. ಹರಹು ನಲವತ್ತೆರಡು ಅಡಿ. ಐದು ಅಡಿಯ ಕೋಲಿನ ನೆರಳು ನಾಲ್ಕು ಅಡಿಯಿದ್ದಾಗ ಮರದ ನೆರಳು ಬುಡದಿಂದ ಇಪ್ಪತ್ತೆಂಟು ಅಡಿಯಿತ್ತು. ಎಂದಮೇಲೆ ಎತ್ತರ ಮೂವತ್ತೈದು. ಬುಡದಿಂದ ಇಪ್ಪತ್ತೊಂದು ಅಡಿ ಚಾಚಿರುವ ಕೊಂಬೆಗಳಿಗೆ ಎಂಟು ಅಡಿಯಲ್ಲಿ ಗೋಡೆ ಎದುರಾದರೆ, ಉಳಿದ ಹದಿಮೂರು ಅಡಿ ಮನೆಯ ಮೇಲೆಯೇ ಬಂತು. ಸೂರಿನ ಎತ್ತರ ಒಂಬತ್ತು ಅಡಿ, ನೆತ್ತಿಯದು ಹದಿನಾರು. ಆ ಜಾಗದಲ್ಲಿ ಮನೆಯೇಳಬೇಕಾದರೆ ಮರದ ಒಂದು ಮಗ್ಗುಲನ್ನೇ ಕಡಿಯಬೇಕು. ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಚಿತ್ರವಂತೂ ಮರವನ್ನು ಮೂರರಲ್ಲೊಂದು ಪಾಲಿಗೆ ಕುಗ್ಗಿಸಿ, ಹೇಳಬೇಕಾದ ಅಗತ್ಯವನ್ನೇ ತಪ್ಪಿಸಿತ್ತು. ಕುಗ್ಗಿಸಿದ ಗುರುತು ಎಲೆಯಲ್ಲಿತ್ತು: ಗೇಣುದ್ದದ ಮಾವಿನ ಎಲೆ ಅಲ್ಲಿ ಮೂರು ಅಂಗುಲವಾಗಿ ಹುಣಸೆಗೂ ಮಾವಿಗೂ ನಡುವಿನ ಯಾವುದೋ ಮರದಂತೆ ಕಾಣುತ್ತಿತ್ತು.

ಉಳಿದ ಹನ್ನೊಂದು ಮರಗಳ ಲೆಕ್ಕವನ್ನು ನಮ್ಮ ತಂದೆಯವರು ಬಾಯಲ್ಲೇ ಹೇಳಿದರು: “ಗುಂಟೆಗೊಂದು ಮಾವು.” ಗುಂಟೆಯೆಂದರೆ ಮೂವತ್ತಮೂರು ಅಡಿ ಚೌಕ, ಮಾವಿನ ಸಸಿಗಳ ನಡುವೆ ಬಿಡುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಮೂವತ್ತು-ನಲವತ್ತರ ಮನೆಗೆ ಒಂದು ಗುಂಟೆಯ ಮೇಲಾಯಿತು, ಹಳೆಯ ಮರಕ್ಕೆ ಇನ್ನೊಂದರ ಮೇಲೆ, ಕೊಟ್ಟಿಗೆ, ತಿಪ್ಪೆ, ಹುಲ್ಲಿನ ಮೆದೆ, ಬಾವಿ, ಗಾಡಿಯ ದಾರಿ ಇವುಗಳಿಗೆ ಮೂರು. ಉಳಿದದ್ದರಲ್ಲಿ ಐದು ಸಸಿಗಿಂತ ಹೆಚ್ಚು ಹಿಡಿಯದು. ಅವೂ ನೆಟ್ಟ ವರ್ಷ ಮೊಣಕಾಲೆತ್ತರ. ಕಸಿಯ ಗಿಡವಾದರೂ ಫಲಕ್ಕೆ ನಾಲ್ಕೈದು ವರ್ಷ ಕಾಯಬೇಕು.

ಚಿತ್ರವೆಂದಮೇಲೆ ಸ್ವಲ್ಪ ಅಲಂಕಾರ ಬೇಡವೇ ಎಂದು ನನ್ನ ಸಹಪಾಠಿಯೊಬ್ಬರು ಕೇಳಿದರು. ಬೇಕು. ಮೋಡಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾದ ಮೇಲೆ, ಇಂತಹ ಚಿತ್ರವನ್ನು ನೋಡಿಯೇ ಜಮೀನಿನ ಮಾತುಕತೆಗಿಳಿಯುವವರಿದ್ದಾರೆ. ಅವರ ಜೊತೆಯಲ್ಲಿ ನಮ್ಮ ತಂದೆಯವರಂತೆ ಅನುಮಾನಪಡುವ ಹಿರಿಯರು ಇರುವುದಿಲ್ಲ. ನೆಲದ ಮೇಲಿರುವ ಮರವನ್ನೂ ಬಾವಿಯನ್ನೂ ಅಳೆಯದೆ ಚಿತ್ರ ಬರೆದವರು ತಮ್ಮ ಕೂಲಿಯನ್ನು ಪೂರಾ ಪಡೆಯಬಾರದೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿದ ಅಣ್ಣ, “ನಮ್ಮ ಹೊಟ್ಟೆಯ ಮೇಲೆ ಹೊಡೀಬೇಡ ಕಣೋ. ಗಿರಾಕಿಗಳು ಅಳೆಯೋಕೆ ಕಾಸು ಕೊಡಲ್ಲ, ಬಣ್ಣಕ್ಕೆ ಕೊಡ್ತಾರೆ” ಎಂದ. ಅದೂ ನಿಜವೇ ಇರಬೇಕು.

ಅಣ್ಣ ಎರಡು ಹೊಸ ಚಿತ್ರಗಳನ್ನು ಮಾಡಿ ಕಳುಹಿಸಿದ್ದಾನೆ. ಒಂದು ಮೊದಲ ವರ್ಷದ್ದು, ಇನ್ನೊಂದು ಹದಿನೈದನೆಯ ವರ್ಷದ್ದು. ಗೋಡೆ ಹದಿನೇಳು ಅಡಿ ಆಚೆಗೆ ಸರಿದಿದೆ. ಕೊಟ್ಟಿಗೆಯಲ್ಲಿ ಮೂರು ಹಸು. ಮುಂದುಗಡೆಯ ಮರವೇ ಅರ್ಧ ಚಿತ್ರವನ್ನು ತುಂಬಿಕೊಂಡಿರುವುದರಿಂದ ಮನೆ ಅದರ ಹಿಂದೆ ಅಡಗಿದಂತಿದೆ. “ಮನೆ ಎಲ್ಲಿ ಕಾಣುತ್ತೋ?” ಎಂದು ತಾಯಿಯವರು ಬೇಸರಪಟ್ಟರು; ದೇವರ ಪಟದ ಪಕ್ಕದಲ್ಲಿ ಈಗಲೂ ಹಳೆಯ ಚಿತ್ರವೇ ಇದೆ. ತಂದೆಯವರು ಹೊಸದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಗೂಟಗಳನ್ನು ಕಿತ್ತು ಬೇರೆ ಕಡೆ ನೆಡಲು ಹೊಲಕ್ಕೆ ಹೋದರು.